ಆಫರ್ ಲೆಟರ್ ತಡವಾದಾಗ ಅಭ್ಯರ್ಥಿಗೆ ಏನಂತ ಬರೆಯಬೇಕು?

ಪ್ರಶ್ನೆ: ಸೇಡಂ ಹತ್ತಿರದ ಸಿಮೆಂಟ್ ಕಾರ್ಖಾನೆಯಲ್ಲಿ ಎಚ್‌ಆರ್ ಆಗಿದ್ದೇನೆ. ಲ್ಯಾಬ್ ಕೆಮಿಸ್ಟ್ ಹುದ್ದೆಗೆ ಬೀದರ್‌ನ ಅಭ್ಯರ್ಥಿಯೊಬ್ಬರು ಎಲ್ಲರಿಗೂ ಒಪ್ಪಿಗೆಯಾಗಿದ್ದಾರೆ, ಸಂಬಳದ ಮಾತೂ ಮುಗಿದಿದೆ. ಆದರೆ ಆ ಮೊತ್ತ ಗ್ರೇಡ್ ಮಿತಿ ದಾಟಿದ್ದಕ್ಕೆ ಫೈಲು ಹೆಡ್ ಆಫೀಸಿನಲ್ಲಿ ನಿಂತಿದೆ. ಅವರು ‘ಆಫರ್ ಲೆಟರ್ ಯಾವಾಗ ಬರ್ತದ ಸರ್?’ ಅಂತ ಕೇಳ್ತಿದ್ದಾರೆ. ಏನಂತ ಮೇಲ್ ಬರೆಯಲಿ?

ಉತ್ತರ: ಬರೆಯುವ ಮೊದಲು ಹೆಡ್ ಆಫೀಸಿಗೆ ಫೋನ್ ಮಾಡಿ ಒಂದು ವಿಷಯ ತಿಳಿದುಕೊಳ್ಳಿ: ಫೈಲನ್ನು ಯಾರೂ ಇನ್ನೂ ನೋಡಿಲ್ಲವೋ, ಇಲ್ಲ ನೋಡಿ ಮೊತ್ತಕ್ಕೆ ತಕರಾರು ತೆಗೆದಿದ್ದಾರೋ? ಮೊದಲನೆಯದಾದರೆ ಬರೀ ಕಾಯುವ ಮಾತು. ಎರಡನೆಯದಾದರೆ ಸಂಬಳ ಇಳಿಯಬಹುದು, ಅದನ್ನು ಮುಚ್ಚಿಡುವುದು ತಪ್ಪು.

ನನಗೆ ಹೆಚ್ಚು ಭಯ ಹುಟ್ಟಿಸುವುದು ‘ಇನ್ನೆರಡು ದಿನದಾಗ ಬರ್ತದ್ರಿ’ ಎಂಬ ಸಮಾಧಾನದ ಮಾತು. ಅವರಿಗೆ ಎರಡು ತಿಂಗಳ ನೋಟಿಸ್ ಅವಧಿ ಇದೆ ಅಂದುಕೊಳ್ಳಿ. ನಿಮ್ಮ ಮಾತು ನಂಬಿ ಇವತ್ತೇ ರಾಜೀನಾಮೆ ಕೊಟ್ಟು, ಆಮೇಲೆ ಫೈನಾನ್ಸ್‌ನವರು ಒಪ್ಪದಿದ್ದರೆ ಇದ್ದ ಕೆಲಸವೂ ಹೋಯಿತು, ಹೊಸದೂ ಸಿಗಲಿಲ್ಲ. ಹಾಗಾಗಿ ರಾಜೀನಾಮೆಯ ಸಾಲು ಮೇಲ್‌ನಲ್ಲಿ ಇರಲೇಬೇಕು. ಫೈಲು ಇನ್ನೂ ನೋಡಿಲ್ಲ ಎಂದು ತಿಳಿದುಬಂದರೆ ಹೀಗೆ ಬರೆಯಬಹುದು:

> ವಿಷಯ: ಲ್ಯಾಬ್ ಕೆಮಿಸ್ಟ್ ಹುದ್ದೆಯ ಆಫರ್ ತಡವಾಗಿರುವ ಬಗ್ಗೆ
>
> ನಮಸ್ಕಾರ. ನಿಮ್ಮ ಹೆಸರನ್ನು ಪ್ಲಾಂಟ್ ಹೆಡ್ ಶಿಫಾರಸು ಮಾಡಿದ್ದಾರೆ. ನಾವು ಮಾತಾಡಿದ ಸಂಬಳ ಈ ಗ್ರೇಡಿನ ಮಿತಿಗಿಂತ ಹೆಚ್ಚಿರುವುದರಿಂದ ಹೆಡ್ ಆಫೀಸಿನ ಫೈನಾನ್ಸ್ ವಿಭಾಗದ ಅನುಮೋದನೆ ಬೇಕು. ಅದಿನ್ನೂ ಸಿಕ್ಕಿಲ್ಲ. ಸಿಗುವ ನಿರೀಕ್ಷೆ ಇದೆ, ಆದರೆ ಖಾತ್ರಿ ಕೊಡಲಾರೆ. ಮೊತ್ತವೂ ಬದಲಾಗಬಹುದು. ಸಹಿಯಾದ ಆಫರ್ ಲೆಟರ್ ಕೈಸೇರುವವರೆಗೆ ದಯವಿಟ್ಟು ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಹೊಸ ಸುದ್ದಿ ಇರಲಿ, ಇಲ್ಲದಿರಲಿ, ಬರುವ ಶುಕ್ರವಾರ ಸಂಜೆ 5ರೊಳಗೆ ನಾನೇ ಬರೆಯುತ್ತೇನೆ. ಬೇರೆ ಕಡೆಯ ಆಫರ್‌ಗೆ ಉತ್ತರಿಸಬೇಕಾದ ತಾರೀಖು ಇದ್ದರೆ ತಿಳಿಸಿ, ಅದನ್ನು ಹೆಡ್ ಆಫೀಸಿನ ಗಮನಕ್ಕೆ ತರುತ್ತೇನೆ.

ಗಮನಿಸಿ, ಇಲ್ಲಿ ಆಫರ್ ಬರುವ ತಾರೀಖು ಕೊಟ್ಟಿಲ್ಲ. ಅದು ನಿಮ್ಮ ಕೈಯಲ್ಲಿಲ್ಲ. ನೀವು ಮತ್ತೆ ಬರೆಯುವ ದಿನ ಮಾತ್ರ ನಿಮ್ಮ ಕೈಯಲ್ಲಿದೆ, ಅದಕ್ಕೇ ಮಾತು ಕೊಡಿ. ಹಾಗೆಯೇ ‘ಆಯ್ಕೆಯಾಗಿದ್ದೀರಿ’ ಎನ್ನದೆ ‘ಶಿಫಾರಸು’ ಎಂದಿದ್ದೇನೆ. ಮೊದಲಿನ ಪದ ಓದಿದವರು ಕೆಲಸ ಪಕ್ಕಾ ಅಂತಲೇ ತಿಳಿಯುತ್ತಾರೆ. ಸಹಿ ಮಾಡಬೇಕಾದವರ ಹೆಸರು ಮಾತ್ರ ಹಾಕಬೇಡಿ, ವಿಭಾಗ ಹೇಳಿದರೆ ಸಾಕು.

ಮೊತ್ತಕ್ಕೆ ತಕರಾರು ಬಂದಿದ್ದರೆ ಮೊದಲು ಫೋನ್ ಮಾಡಿ ಹೇಳಿ, ಆಮೇಲೆ ಬರೆಯಿರಿ. ಅಂಥ ಸುದ್ದಿ ಮೇಲ್‌ನಲ್ಲೇ ಮೊದಲು ಗೊತ್ತಾದರೆ ನೋವಾಗುತ್ತದೆ.

ಶುಕ್ರವಾರ ಬಂದರೂ ಫೈಲು ಅಲ್ಲೇ ಇದ್ದರೆ ಎರಡೇ ಸಾಲು ಬರೆದು ಮುಂದಿನ ದಿನ ಹೇಳಿ. ಎರಡು ಸಲ ಹಾಗೇ ಆದರೆ ‘ಬೇರೆ ಅವಕಾಶ ಬಿಡಬೇಡಿ’ ಅಂತ ಸ್ಪಷ್ಟವಾಗಿ ತಿಳಿಸಿ. ಲ್ಯಾಬ್ ಮುಖ್ಯಸ್ಥರಿಗೂ ಒಂದು ಮಾತು ಹೇಳಿಡಿ: ಅಭ್ಯರ್ಥಿಯ ನೋಟಿಸ್ ಅವಧಿ ಶುರುವಾಗುವುದೇ ಆಫರ್ ಕೊಟ್ಟ ಮೇಲೆ. ಅನುಮೋದನೆ ತಡವಾದಷ್ಟು ದಿನ ಅವರು ಸೇರುವುದೂ ಮುಂದಕ್ಕೆ ಹೋಗುತ್ತದೆ, ಬೇಗ ಬನ್ನಿ ಎಂದು ಅವರನ್ನು ಒತ್ತಾಯಿಸುವಂತಿಲ್ಲ.