ನೋಟಿಸ್ ಪೀರಿಯಡ್ ಕಡಿಮೆ ಮಾಡಿಸುವುದು: ಮಾತಾಡಿದ ದಿನವೇ ಮೇಲ್ ಹೋಗಲಿ

ಪ್ರಶ್ನೆ: ನಾನು ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ನೋಟಿಸ್ 60 ದಿನ. ಜೂನ್ 3ಕ್ಕೆ ರಾಜೀನಾಮೆ ಕೊಡ್ತೀನಿ, ಜುಲೈ ಮಧ್ಯದಲ್ಲಿ ಹೊಸ ಕಡೆ ಸೇರಬೇಕು. ಬೇಗ ಬಿಡಿ ಅಂತ ಮ್ಯಾನೇಜರ್‌ನ ಹೇಗೆ ಕೇಳಲಿ, ಆಮೇಲೆ ಏನು ಬರೆದುಕೊಡಲಿ?

ಮೊದಲು ಕರಾರು ಪತ್ರ ತೆಗೆದು ನೋಟಿಸ್ ಬಗ್ಗೆ ಇರುವ ಸಾಲುಗಳನ್ನು ಓದಿ. ನನಗೆ ಪ್ರಶ್ನೆ ಕಳಿಸುವವರಲ್ಲಿ ಹೆಚ್ಚಿನವರು ಇದನ್ನೇ ಮಾಡಿರುವುದಿಲ್ಲ. ದಿನ ಎಣಿಸುವುದು ಯಾವಾಗಿನಿಂದ? ಸಾಮಾನ್ಯವಾಗಿ ಬರಹದಲ್ಲಿ ಕೊಟ್ಟ ದಿನದಿಂದ, ಬಾಯಲ್ಲಿ ಹೇಳಿದ ದಿನದಿಂದ ಅಲ್ಲ. ರಜೆ ದಿನಗಳೂ ಸೇರುತ್ತವಾ? ನೋಟಿಸ್ ಬದಲು ಹಣ ಕಟ್ಟಿ ಹೋಗಬಹುದು ಅಂತ ಇದ್ದರೆ, ಅದು ನಿಮ್ಮ ಹಕ್ಕಾ ಅಥವಾ ಕಂಪನಿ ಒಪ್ಪಿದರೆ ಮಾತ್ರವಾ? ಆ ಹಣದ ಲೆಕ್ಕ ಮೂಲ ವೇತನದ ಮೇಲಾ, ಪೂರ್ತಿ ಸಂಬಳದ ಮೇಲಾ? ಈ ಉತ್ತರಗಳಿಲ್ಲದೆ ಮ್ಯಾನೇಜರ್ ಮುಂದೆ ಕೂತರೆ ಅವರು ಹೇಳಿದ್ದೇ ನಿಯಮ ಆಗುತ್ತದೆ.

ರಜೆ ದಿನಗಳೂ ಸೇರುತ್ತವೆ, ಎಣಿಕೆ ಮರುದಿನದಿಂದ ಶುರು ಅಂತ ಇಟ್ಟುಕೊಳ್ಳೋಣ. ನಿಮ್ಮ 60ನೇ ದಿನ ಆಗಸ್ಟ್ 2. ನೀವು ಜುಲೈ 4ಕ್ಕೆ ಬಿಡಿ ಅಂತ ಕೇಳಿದರೆ ಬೇಡ ಅನ್ನುವುದು ಬಹುತೇಕ ಖಂಡಿತ. ಕಾರಣ ಇಷ್ಟೆ. ನಿಮ್ಮ ಮ್ಯಾನೇಜರ್ ತಲೆಯಲ್ಲಿ ಇರುವುದು 60 ದಿನ ಅಲ್ಲ, ಜೂನ್ ತಿಂಗಳ ಲೆಕ್ಕ ಮುಗಿಸುವುದು. ಆ ಕೆಲಸ ನಡೆಯುವುದೇ ಜುಲೈ ಮೊದಲ ವಾರದಲ್ಲಿ. ಅದರ ಮಧ್ಯೆ ನೀವು ಎದ್ದು ಹೋಗುತ್ತೀರಿ ಅಂದರೆ ಯಾರೂ ಒಪ್ಪುವುದಿಲ್ಲ. ಅದೇ ಜುಲೈ 11 ಅಂತ ಕೇಳಿ ನೋಡಿ. ಜೂನ್ ಲೆಕ್ಕ ಮುಗಿದಿರುತ್ತದೆ, ನಿಮಗೂ ಜುಲೈ ಮಧ್ಯ ಸಿಗುತ್ತದೆ. ಕಂಪನಿ ಬಿಟ್ಟುಕೊಡುವುದು 22 ದಿನ. ಎಷ್ಟು ದಿನ ಕಡಿಮೆ ಮಾಡಿಸಬೇಕು ಅಂತ ಯೋಚಿಸಬೇಡಿ, ಯಾವ ಕೆಲಸ ಮುಗಿದ ಮೇಲೆ ನಿಮ್ಮನ್ನು ಬಿಡುವುದು ಅವರಿಗೆ ಸುಲಭ ಅಂತ ಹುಡುಕಿ.

ಮಾತಾಡುವ ಮುಂಚೆ ಒಂದು ಹಾಳೆ ಸಿದ್ಧ ಮಾಡಿಕೊಳ್ಳಿ. ನಿಮ್ಮ ಕೈಯಲ್ಲಿರುವ ಕೆಲಸಗಳು, ಪ್ರತಿಯೊಂದನ್ನೂ ಯಾರು ತಗೊಳ್ಳಬಹುದು, ಯಾವ ತಾರೀಕಿನೊಳಗೆ ಕಲಿಸಿಕೊಡುತ್ತೀರಿ, ಇಷ್ಟೇ. ಉದಾಹರಣೆಗೆ ಬ್ಯಾಂಕ್ ಲೆಕ್ಕ ತಾಳೆ ಹಾಕುವುದನ್ನು ಜೂನ್ 20ರೊಳಗೆ ಜೊತೆಯವರಿಗೆ ತೋರಿಸಿಕೊಡುವುದು, ಜೂನ್ ಲೆಕ್ಕವನ್ನು ಅವರು ಮಾಡುವುದು, ನೀವು ಪಕ್ಕದಲ್ಲಿ ಕೂತು ನೋಡುವುದು. ಈ ಕೊನೆಯದೇ ನಿಮ್ಮ ಗಟ್ಟಿ ಅಂಶ, ಯಾಕೆಂದರೆ ನೀವು ಹೋದ ಮೇಲೂ ಕೆಲಸ ನಡೆಯುತ್ತದೆ ಅನ್ನುವುದು ಮ್ಯಾನೇಜರ್‌ಗೆ ಕಣ್ಣಿಗೆ ಕಾಣುತ್ತದೆ.

ಮಾತು ನೇರ ಮ್ಯಾನೇಜರ್ ಜೊತೆಗೇ ಆಗಲಿ, ಎಚ್‌ಆರ್‌ಗಿಂತ ಮುಂಚೆ, ಸಹೋದ್ಯೋಗಿಗಳಿಗಿಂತ ಖಂಡಿತ ಮುಂಚೆ. ಜಾಸ್ತಿ ಪೀಠಿಕೆ ಬೇಡ. “ಸರ್, ನಾನು ರಾಜೀನಾಮೆ ಕೊಡ್ತಿದ್ದೀನಿ, ನಿರ್ಧಾರ ಆಗಿದೆ. ಜೂನ್ ಲೆಕ್ಕ ಮುಗಿಸಿಕೊಟ್ಟು ಜುಲೈ 11ಕ್ಕೆ ಹೋಗೋಕೆ ಅನುಮತಿ ಬೇಕು. ಯಾವ ಕೆಲಸ ಯಾರಿಗೆ ಅಂತ ಇದರಲ್ಲಿ ಬರೆದಿದ್ದೀನಿ, ಒಂದ್ಸಲ ನೋಡಿ.” ಇಷ್ಟು ಹೇಳಿ ಸುಮ್ಮನಿರಿ. ಅವರು ಉತ್ತರ ಕೊಡುವ ಮುಂಚೆಯೇ ನೀವಾಗಿ “ಆಗಲ್ಲ ಅಂದ್ರೆ ಜುಲೈ ಕೊನೆ ಆದ್ರೂ ಪರವಾಗಿಲ್ಲ” ಅಂದರೆ ಮುಗಿಯಿತು, ಜುಲೈ ಕೊನೆಯೇ ಗಟ್ಟಿ. ಹೊಸ ಕಂಪನಿ ಯಾವುದು, ಸಂಬಳ ಎಷ್ಟು, ಇವೆರಡನ್ನೂ ಹೇಳಬೇಕಾಗಿಲ್ಲ. “ಬೇಗ ಹೋಗದಿದ್ದರೆ ಆಫರ್ ಹೋಗುತ್ತೆ” ಅಂತಲೂ ಹೇಳಬೇಡಿ, ಅದರಿಂದ ನಿಮ್ಮ ಗಡಿಬಿಡಿ ಗೊತ್ತಾಗುತ್ತದೆಯೇ ಹೊರತು ಅವರ ತಾಪತ್ರಯ ಕಡಿಮೆ ಆಗುವುದಿಲ್ಲ.

ಅವರು ಬೇಡ ಅಂದರೆ ವಾದಕ್ಕಿಳಿಯದೆ “ಯಾವ ಕೆಲಸ ಬಾಕಿ ಉಳಿಯುತ್ತೆ ಅಂತ ಯೋಚನೆ, ಸರ್?” ಅಂತ ಕೇಳಿ. ಕೆಲಸದ ಹೆಸರು ಹೇಳಿದರೆ ಅದಕ್ಕೆ ದಾರಿ ಹುಡುಕಬಹುದು. ಉಳಿದ ರಜೆಯನ್ನು ಹೊಂದಿಸುವುದು, ಕಡಿಮೆಯಾದ ದಿನಗಳಿಗೆ ಹಣ ಕಟ್ಟುವುದು, ಇವನ್ನು ಆಮೇಲೆ ಹೊರಗೆ ತೆಗೆಯಿರಿ, ಮೊದಲ ಮಾತಿನಲ್ಲೇ ಬೇಡ. ಆ ಹಣವನ್ನು ಹೊಸ ಕಂಪನಿ ಕೊಡುತ್ತದೆ ಅಂದಿದ್ದರೆ ಅದು ಆಫರ್ ಲೆಟರ್‌ನಲ್ಲಿ ಇರಬೇಕು, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಇಷ್ಟಾದರೂ ಒಪ್ಪದಿದ್ದರೆ ಉಳಿಯುವ ದಾರಿ ಒಂದೇ, ಹೊಸ ಕಡೆ ಸೇರುವ ದಿನ ಮುಂದಕ್ಕೆ ಹಾಕಿಸುವುದು. ಅದಕ್ಕೇ ಅಲ್ಲಿ ಮೊದಲೇ ಒಂದೇ ತಾರೀಕು ಕೊಟ್ಟು ಸಿಕ್ಕಿಹಾಕಿಕೊಳ್ಳಬಾರದು.

ಇನ್ನು “ನೋಡೋಣ”, “ಮಾಡೋಣ ಬಿಡಿ” ಅನ್ನುವ ಉತ್ತರ. ಜನ ಮೋಸ ಹೋಗುವುದು ಇಲ್ಲೇ. ಮ್ಯಾನೇಜರ್ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಎಷ್ಟೋ ಕಡೆ ದಿನ ಕಡಿಮೆ ಮಾಡುವ ಅಧಿಕಾರ ಅವರಿಗೆ ಇರುವುದೇ ಇಲ್ಲ. ಎದ್ದು ಬರುವ ಮುಂಚೆ ಇದಕ್ಕೆ ಯಾರ ಒಪ್ಪಿಗೆ ಬೇಕು, ಯಾವತ್ತಿನೊಳಗೆ ತಿಳಿಸುತ್ತಾರೆ ಅಂತ ಕೇಳಿಕೊಂಡು ಬನ್ನಿ.

ಅದೇ ದಿನ ಮೇಲ್ ಕಳಿಸಿ, ಮ್ಯಾನೇಜರ್ ಮತ್ತು ಎಚ್‌ಆರ್ ಇಬ್ಬರಿಗೂ. ಸಾಲುಗಳು ಹೀಗಿರಲಿ:

“ಇಂದು, ಜೂನ್ 3ರಂದು, ನನ್ನ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ. ಕರಾರಿನ ಪ್ರಕಾರ ನನ್ನ ಕೊನೆಯ ದಿನ ಆಗಸ್ಟ್ 2. ಇಂದಿನ ಮಾತುಕತೆಯಲ್ಲಿ ಚರ್ಚಿಸಿದಂತೆ, ಜುಲೈ 11 ನನ್ನ ಕೊನೆಯ ಕೆಲಸದ ದಿನವಾಗಲು ಒಪ್ಪಿಗೆ ಕೋರುತ್ತೇನೆ. ಉಳಿದ 22 ದಿನಗಳ ನೋಟಿಸನ್ನು ಬಿಟ್ಟುಕೊಡಲಾಗಿದೆ, ಅದಕ್ಕೆ ಹಣ ಹಿಡಿಯುವುದಿಲ್ಲ ಎಂಬುದನ್ನು ದಯವಿಟ್ಟು ಈ ಮೇಲ್‌ಗೆ ಉತ್ತರವಾಗಿ ದೃಢಪಡಿಸಿ. ಕೆಲಸ ಹಸ್ತಾಂತರದ ವಿವರ ಲಗತ್ತಿಸಿದ್ದೇನೆ.”

ಅವರು ಆಗಲೇ ಬಾಯಲ್ಲಿ ಹೂಂ ಅಂದಿದ್ದರೆ “ಒಪ್ಪಿಗೆ ಕೋರುತ್ತೇನೆ” ಅನ್ನುವ ಜಾಗದಲ್ಲಿ “ನೀವು ಒಪ್ಪಿದ್ದೀರಿ” ಅಂತ ಬರೆಯಿರಿ. ಒಪ್ಪದೇ ಇದ್ದಾಗ ಹಾಗೆ ಬರೆಯಬೇಡಿ, ಅದು ಸುಳ್ಳು, ಮುಂದೆ ನಿಮಗೇ ತಿರುಗಿ ಬರುತ್ತದೆ. ಎರಡೂ ತಾರೀಕು ಹಾಕಿಸುತ್ತಿರುವುದಕ್ಕೆ ಕಾರಣ ಇದೆ: ಬರೀ ಜುಲೈ 11 ಅಂತ ಬರೆದರೆ ನೀವು ಕರಾರು ಮುರಿದು ಹೋದ ಹಾಗೆ ಓದಬಹುದು, ಕೊನೆಯ ಲೆಕ್ಕದಲ್ಲಿ 22 ದಿನದ ಹಣ ಹಿಡಿಯಬಹುದು. ಹಣ ಹಿಡಿಯದಿದ್ದರೂ ಸಂಬಳ ಜುಲೈ 11ರವರೆಗೆ ಮಾತ್ರ, ಬಿಟ್ಟುಕೊಟ್ಟ ದಿನಗಳಿಗೆ ಸಂಬಳ ಬರುತ್ತದೆ ಅಂದುಕೊಳ್ಳಬೇಡಿ. ನಿರ್ದಿಷ್ಟ ದಿನದವರೆಗೆ ಕೆಲಸದಲ್ಲಿದ್ದರೆ ಮಾತ್ರ ಸಿಗುವ ಬೋನಸ್ ಇದ್ದರೆ ಆ ದಿನವನ್ನೂ ನೋಡಿಕೊಳ್ಳಿ.

ಉತ್ತರ ಬಂದ ಮೇಲೂ ಒಂದು ಕೆಲಸ ಇದೆ. ಆಫೀಸಿನ ಸಿಸ್ಟಮ್‌ನಲ್ಲಿ ರಾಜೀನಾಮೆ ಹಾಕಿದಾಗ ಅದು ತಾನಾಗಿಯೇ 60 ದಿನ ಕೂಡಿಸಿ ಆಗಸ್ಟ್ 2 ತೋರಿಸಬಹುದು. ಕೊನೆಯ ಲೆಕ್ಕ ಮಾಡುವವರು ನೋಡುವುದು ಆ ತಾರೀಕನ್ನೇ, ನಿಮ್ಮ ಮೇಲನ್ನಲ್ಲ. ಎಚ್‌ಆರ್‌ಗೆ ಹೇಳಿ ಅದನ್ನು ಬದಲು ಮಾಡಿಸಿ, ಬದಲಾದದ್ದನ್ನು ಕಣ್ಣಾರೆ ನೋಡಿ. ಹೊಸ ಕಂಪನಿಗೆ ಸೇರುವ ದಿನ ಖಚಿತವಾಗಿ ಹೇಳುವುದು ಅದಾದ ಮೇಲೆ.

ಪ್ರಶ್ನೆ: ನೋಟಿಸ್ ಸಮಯದಲ್ಲಿ ಹುಷಾರಿಲ್ಲ ಅಂತ ರಜೆ ಹಾಕಿ ಹೊಸ ಕಡೆ ಸೇರಿಬಿಡಿ ಅಂತ ಗೆಳೆಯ ಹೇಳಿದ. ಮಾಡಬಹುದಾ?

ಬೇಡ. ಒಂದೇ ಸಮಯದಲ್ಲಿ ಎರಡು ಕಡೆ ಕೆಲಸದಲ್ಲಿದ್ದದ್ದು ದಾಖಲೆಯಲ್ಲಿ ಉಳಿಯುತ್ತದೆ. ಅದು ಹೊರಬಿದ್ದ ದಿನ ಎರಡೂ ಕೆಲಸ ಹೋಗಬಹುದು.

ಪ್ರಶ್ನೆ: “ನೀವು ಮೊದಲು ರಾಜೀನಾಮೆ ಹಾಕಿ, ಬೇಗ ಬಿಡಿಸಿಕೊಳ್ಳುವುದು ಸುಲಭ” ಅಂತ ನೇಮಕಾತಿ ಏಜೆಂಟ್ ಹೇಳ್ತಿದ್ದಾರೆ. ಆಫರ್ ಲೆಟರ್ ಇನ್ನೂ ಬಂದಿಲ್ಲ.

ಸಾಮಾನ್ಯವಾಗಿ ನೀವು ಸೇರಿದ ಮೇಲೇ ಅವರಿಗೆ ಹಣ ಬರುವುದು, ಹಾಗಾಗಿ ಅವರಿಗೆ ಅವಸರ. ನಿಮ್ಮ ಈಗಿನ ಕಂಪನಿಯ ಪರವಾಗಿ ಮಾತು ಕೊಡಲು ಅವರು ಯಾರು? ಇಂಥ ಸಲಹೆ ಕೇಳಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಸಹಿ ಆದ ಆಫರ್ ಲೆಟರ್ ಕೈಗೆ ಬರುವವರೆಗೆ ರಾಜೀನಾಮೆಯ ಮಾತೇ ಬೇಡ.

ಪ್ರಶ್ನೆ: ಮ್ಯಾನೇಜರ್ ವಾಟ್ಸಾಪ್‌ನಲ್ಲಿ ಓಕೆ ಅಂತ ಹಾಕಿದ್ದಾರೆ. ಸಾಕಲ್ವಾ?

ಸಾಲದು. ಆ ಓಕೆಯ ತಾರೀಕನ್ನೂ ನಿಮ್ಮ ಕೊನೆಯ ದಿನವನ್ನೂ ಬರೆದು ಎಚ್‌ಆರ್‌ಗೆ ಇವತ್ತೇ ಮೇಲ್ ಹಾಕಿ, ಅವರಿಂದ ಉತ್ತರ ತರಿಸಿಕೊಳ್ಳಿ.