ಧಾರಾಳವಾಗಿ ಬೆವರುವ ಓಟಗಾರರಿಗೆ ನೀರು ಮತ್ತು ಉಪ್ಪಿನ ಲೆಕ್ಕ

ಪ್ರಶ್ನೆ: ನಾನು ಶಿವಮೊಗ್ಗದವನು, ತೂಕ 72 ಕೆ.ಜಿ. ಮಂಗಳೂರಿನಲ್ಲಿ 21 ಕಿ.ಮೀ. ಓಡಬೇಕೆಂದು ಅಭ್ಯಾಸ ಮಾಡುತ್ತಿದ್ದೇನೆ. ವಿಪರೀತ ಬೆವರುತ್ತೇನೆ, ಒಂದು ಗಂಟೆಯೊಳಗೆ ಶೂ ಕೂಡ ಒದ್ದೆಯಾಗುತ್ತದೆ, ಟೋಪಿಯ ಮೇಲೆ ಬಿಳಿ ಪಟ್ಟೆ ಬೀಳುತ್ತದೆ. ಮನೆಗೆ ಬಂದು ಎರಡು ಮೂರು ಲೀಟರ್ ನೀರು ಕುಡಿದರೂ ಮಧ್ಯಾಹ್ನ ತಲೆನೋವು. ಎಷ್ಟು ಕುಡಿಯಬೇಕು? ಓಆರ್‌ಎಸ್ ಬೇಕೇ, ಎಳನೀರು ಸಾಕೇ?

ಉತ್ತರ:

ನಮಸ್ಕಾರ. ಮೊದಲು ನಿಮಗೆ ಬೇಕಾಗಿರುವುದು ಒಂದು ತೂಕದ ಯಂತ್ರ. ಗಂಟೆಗೆ ಇಷ್ಟೇ ನೀರು ಕುಡಿಯಿರಿ ಎಂದು ಯಾರಾದರೂ ಹೇಳಿದರೆ ಅದನ್ನು ನಂಬಬೇಡಿ, ಏಕೆಂದರೆ ಒಂದೇ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡುವ ಇಬ್ಬರಲ್ಲಿ ಒಬ್ಬರು ಗಂಟೆಗೆ ಮುಕ್ಕಾಲು ಲೀಟರ್ ಬೆವರಿದರೆ ಇನ್ನೊಬ್ಬರು ಅದರ ಎರಡು ಪಟ್ಟು ಬೆವರಬಹುದು. ನಾನು ಹಲವು ವರ್ಷಗಳಿಂದ ಇದೇ ಊರಿನಲ್ಲಿ ಓಡುತ್ತಿದ್ದೇನೆ, ಜೊತೆಗೆ ಓಡುವವರ ತೂಕವನ್ನೂ ಬರೆದಿಡುತ್ತೇನೆ. ಕೆಳಗಿನದು ಆ ಅನುಭವ ಮತ್ತು ಓದಿನಿಂದ ಬಂದದ್ದು, ನಾನು ವೈದ್ಯನಲ್ಲ.

ತೇವ ತುಂಬಿದ ಹವೆಯಲ್ಲಿ ಇಷ್ಟು ಬೆವರು ಏಕೆ ಸುರಿಯುತ್ತದೆ ಎಂಬುದನ್ನು ತಿಳಿದುಕೊಂಡರೆ ಉಳಿದ ಲೆಕ್ಕ ಸುಲಭವಾಗುತ್ತದೆ. 72 ಕೆ.ಜಿ. ತೂಕದವರು 10 ಕಿ.ಮೀ. ಓಡಿದಾಗ ಸುಮಾರು 720 ಕಿಲೋ ಕ್ಯಾಲೊರಿ ಖರ್ಚಾಗುತ್ತದೆ, ಅದರಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಬರೀ ಶಾಖವಾಗಿ ದೇಹದೊಳಗೆ ಉಳಿಯುತ್ತದೆ. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿಯಾಗಿ ಆರಿದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ, ಅಂದರೆ ಆ ಓಟಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು ಸಾಕು. ಆದರೆ ಗಾಳಿಯಲ್ಲಿ ಆಗಲೇ ತೇವ ತುಂಬಿರುವಾಗ ಬೆವರು ಆರುವುದಿಲ್ಲ, ತೊಟ್ಟಿಕ್ಕುತ್ತದೆ, ಮತ್ತು ತೊಟ್ಟಿಕ್ಕಿದ ಬೆವರಿನಿಂದ ದೇಹಕ್ಕೆ ಯಾವ ತಂಪೂ ಸಿಗುವುದಿಲ್ಲ. ಒಳಗಿನ ಬಿಸಿ ಇಳಿಯದ ಕಾರಣ ದೇಹ ಇನ್ನಷ್ಟು ಬೆವರನ್ನು ಹೊರಹಾಕುತ್ತದೆ. ನಿಮ್ಮ ಶೂ ಒಳಗೆ ಇಳಿದಿರುವುದು ಹೀಗೆ ವ್ಯರ್ಥವಾದ ಬೆವರು. ಎಷ್ಟು ನೀರು ಕುಡಿದರೂ ಈ ಅಡಚಣೆ ಹೋಗುವುದಿಲ್ಲ, ವೇಗ ತಗ್ಗಿಸಿ ಶಾಖದ ಉತ್ಪತ್ತಿಯನ್ನೇ ಕಡಿಮೆ ಮಾಡಬೇಕಾಗುತ್ತದೆ. ಫೋನಿನ ಹವಾಮಾನ ಆ್ಯಪ್‌ನಲ್ಲಿ ಆರ್ದ್ರತೆಯ ಶೇಕಡಾವಾರಿಗಿಂತ ಡ್ಯೂ ಪಾಯಿಂಟ್, ಅಂದರೆ ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶ, ನೋಡುವುದು ಒಳ್ಳೆಯದು: ಅದು 20 ಡಿಗ್ರಿ ಸೆಲ್ಸಿಯಸ್ ದಾಟಿದ ದಿನ ಎಂದಿನ ವೇಗವನ್ನು ನಿರೀಕ್ಷಿಸಬೇಡಿ. ಕರಾವಳಿಯಲ್ಲಿ ಅದು ವರ್ಷದ ಬಹುಭಾಗ ಈ ಮಟ್ಟಕ್ಕಿಂತ ಮೇಲೆಯೇ ಇರುತ್ತದೆ.

ಈಗ ಅಳತೆ. ಒಂದು ಭಾನುವಾರ ಬೆಳಿಗ್ಗೆ ಮೂತ್ರ ವಿಸರ್ಜನೆ ಮಾಡಿ, ಬಟ್ಟೆಯಿಲ್ಲದೆ ತೂಕ ನೋಡಿಕೊಳ್ಳಿ. ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರಿನ ಕಡೆಗೆ ಹೋಗಿ ಬನ್ನಿ, ಅಥವಾ ನೆಹರೂ ಕ್ರೀಡಾಂಗಣದಲ್ಲೇ ಓಡಿ. ವೇಗ ಮಾತ್ರ ಸ್ಪರ್ಧೆಯ ದಿನದ ವೇಗಕ್ಕೆ ಹತ್ತಿರವಿರಲಿ. ಕುಡಿಯುವ ನೀರನ್ನು ಅಳೆದು ಒಯ್ಯಿರಿ. ಮರಳಿದ ಮೇಲೆ ಮೈಯನ್ನು ಚೆನ್ನಾಗಿ ಒರೆಸಿಕೊಂಡು, ಮತ್ತೆ ಬಟ್ಟೆಯಿಲ್ಲದೆ, ಏನನ್ನೂ ಕುಡಿಯುವ ಮೊದಲು ತೂಕ ನೋಡಿ. ಒದ್ದೆ ಬನಿಯನ್ ಮತ್ತು ಶೂಗಳಲ್ಲಿ ಅರ್ಧ ಲೀಟರ್ ಬೆವರು ಸುಲಭವಾಗಿ ನಿಂತಿರುತ್ತದೆ, ಆದ್ದರಿಂದ ಬಟ್ಟೆ ಹಾಕಿಕೊಂಡು ತೂಗಿದರೆ ಲೆಕ್ಕ ತಪ್ಪುತ್ತದೆ.

ನಿಮ್ಮ ಮೊದಲ ತೂಕ 72.0, ನಂತರದ್ದು 70.5 ಬಂದಿತು, ನಡುವೆ 400 ಮಿ.ಲೀ. ಕುಡಿದಿದ್ದಿರಿ, ಓಟ ಒಂದೂಕಾಲು ಗಂಟೆಯದ್ದು ಎಂದು ಇಟ್ಟುಕೊಳ್ಳೋಣ. ಕಳೆದುಹೋದ 1.5 ಕೆ.ಜಿ.ಗೆ ಕುಡಿದ 0.4 ಲೀಟರ್ ಸೇರಿಸಿದರೆ ಒಟ್ಟು ಬೆವರು 1.9 ಲೀಟರ್, ಅಂದರೆ ಗಂಟೆಗೆ ಸುಮಾರು ಒಂದೂವರೆ ಲೀಟರ್. ನೀವು 21 ಕಿ.ಮೀ. ದೂರವನ್ನು ಎರಡೂಕಾಲು ಗಂಟೆಯಲ್ಲಿ ಮುಗಿಸುವಿರಾದರೆ ಸುಮಾರು 3.4 ಲೀಟರ್ ಬೆವರು ಹೋಗುತ್ತದೆ. ಇಷ್ಟನ್ನೂ ಕುಡಿದು ತುಂಬಬೇಕೆಂದಿಲ್ಲ. ದೇಹದ ತೂಕದ ಶೇ. 2ರಷ್ಟು, ನಿಮ್ಮ ವಿಷಯದಲ್ಲಿ ಸುಮಾರು 1.4 ಕೆ.ಜಿ., ಕಡಿಮೆಯಾದರೂ ಹೆಚ್ಚಿನವರ ಓಟಕ್ಕೆ ಗಮನಾರ್ಹ ತೊಂದರೆಯಾಗುವುದಿಲ್ಲ. ಆಗ ಕುಡಿಯಬೇಕಾದದ್ದು ಎರಡು ಲೀಟರ್, ಅಂದರೆ ಗಂಟೆಗೆ ಸುಮಾರು 900 ಮಿ.ಲೀ. ಆದರೆ ಓಡುತ್ತಿರುವಾಗ ಗಂಟೆಗೆ 600ರಿಂದ 800 ಮಿ.ಲೀ.ಗಿಂತ ಹೆಚ್ಚು ಕುಡಿದರೆ ಹೆಚ್ಚಿನವರಿಗೆ ಹೊಟ್ಟೆಯಲ್ಲಿ ನೀರು ಕುಲುಕಾಡಿ ವಾಕರಿಕೆ ಬರುತ್ತದೆ. ಆದ್ದರಿಂದ ಗಂಟೆಗೆ 700 ಮಿ.ಲೀ., ಅಂದರೆ ಕಾಲು ಗಂಟೆಗೊಮ್ಮೆ ಸಣ್ಣ ಲೋಟದಷ್ಟು, ಎಂಬ ಗುರಿಯನ್ನು ನಾನು ಸೂಚಿಸುತ್ತೇನೆ. ಕೊನೆಯಲ್ಲಿ ನಿಮ್ಮ ತೂಕ ಸುಮಾರು 1.8 ಕೆ.ಜಿ. ಕಡಿಮೆಯಿರುತ್ತದೆ, ಅದು ಶೇ. 2.5ರ ಆಸುಪಾಸು. ನಿಮ್ಮಷ್ಟು ಬೆವರುವವರು ನೀರು ಕುಡಿಯುವುದರಿಂದ ಮಾತ್ರ ಈ ಅಂತರವನ್ನು ಮುಚ್ಚಲಾರರು. ಮೊದಲಿನಿಂದಲೇ ಕಿಲೋಮೀಟರಿಗೆ ಹತ್ತಿಪ್ಪತ್ತು ಸೆಕೆಂಡು ನಿಧಾನ ಓಡುವುದರಿಂದ ಬೆವರೇ ಕಡಿಮೆಯಾಗುತ್ತದೆ.

ಉಪ್ಪಿನ ವಿಷಯದಲ್ಲಿ ಓಟಗಾರರ ನಡುವೆ ಒಂದು ಅಪಾಯಕಾರಿ ನಂಬಿಕೆಯಿದೆ, ಉಪ್ಪು ಬೆರೆಸಿದರೆ ಎಷ್ಟು ಬೇಕಾದರೂ ಕುಡಿಯಬಹುದು ಎಂದು. ರಕ್ತದ ದ್ರವಭಾಗದಲ್ಲಿ ಲೀಟರಿಗೆ ಸುಮಾರು 3.2 ಗ್ರಾಂ ಸೋಡಿಯಂ ಇರುತ್ತದೆ. ಬೆವರಿನಲ್ಲಿ ಸರಾಸರಿ ಲೀಟರಿಗೆ 0.9 ಗ್ರಾಂ, ಟೋಪಿಯ ಮೇಲೆ ಬಿಳಿ ಪಟ್ಟೆ ಬೀಳುವ ನಿಮ್ಮಂಥವರಲ್ಲಿ ಇದು ಸರಾಸರಿಗಿಂತ ಹೆಚ್ಚಿರಬಹುದು. ಬೆವರು ರಕ್ತಕ್ಕಿಂತ ಸಪ್ಪೆಯಾಗಿರುವುದರಿಂದ ಬೆವರುವುದರಿಂದ ಮಾತ್ರ ರಕ್ತದ ಸೋಡಿಯಂ ಸಾಂದ್ರತೆ ಇಳಿಯುವುದಿಲ್ಲ, ಏರುತ್ತದೆ. ಅದು ಇಳಿಯುವುದು ಕಳೆದದ್ದಕ್ಕಿಂತ ಹೆಚ್ಚು ಕುಡಿದಾಗ, ಮತ್ತು ಓಆರ್‌ಎಸ್ ಸೇರಿದಂತೆ ಎಲ್ಲ ಪೇಯಗಳೂ ರಕ್ತಕ್ಕಿಂತ ಸಪ್ಪೆಯೇ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ಶೇ. 13 ಮಂದಿಯಲ್ಲಿ ಸೋಡಿಯಂ ಕಡಿಮೆಯಾಗಿತ್ತು, ಅದರೊಂದಿಗೆ ಅತಿ ಹೆಚ್ಚು ಸಂಬಂಧ ಕಂಡುಬಂದದ್ದು ಓಟದ ನಡುವೆ ತೂಕ ಹೆಚ್ಚಿದ ಸಂಗತಿಗೆ. ಓಡಿ ಬಂದಾಗ ಹೊರಟಾಗಿನ ತೂಕಕ್ಕಿಂತ ಹೆಚ್ಚಿರುವುದು ಯಾವತ್ತೂ ಒಳ್ಳೆಯ ಲಕ್ಷಣವಲ್ಲ.

ಹಾಗಾದರೆ ಉಪ್ಪು ಏಕೆ? ಕುಡಿದ ನೀರು ಮೂತ್ರವಾಗಿ ಹೋಗದೆ ಒಳಗೆ ನಿಲ್ಲಲು, ಸಕ್ಕರೆಯ ಜೊತೆ ಸೇರಿ ಕರುಳಿನಲ್ಲಿ ನೀರು ಬೇಗ ಹೀರಿಕೊಳ್ಳಲು, ಮತ್ತು ಬಾಯಾರಿಕೆ ಅರ್ಧಕ್ಕೇ ತಣಿದುಹೋಗದಿರಲು. ಮನೆಯಲ್ಲೇ ಒಂದು ಲೀಟರ್ ನೀರಿಗೆ ತಲೆ ಸವರಿದ ಕಾಲು ಟೀ ಚಮಚ ಅಡುಗೆ ಉಪ್ಪು, ಅಂದರೆ ಸುಮಾರು 1.5 ಗ್ರಾಂ, 50 ಗ್ರಾಂ ಸಕ್ಕರೆ ಮತ್ತು ಒಂದು ನಿಂಬೆಹಣ್ಣಿನ ರಸ ಸೇರಿಸಿಕೊಳ್ಳಿ. ಅದರಲ್ಲಿ ಸುಮಾರು 600 ಮಿ.ಗ್ರಾಂ ಸೋಡಿಯಂ ಇರುತ್ತದೆ, ಓಡುವಾಗ ಅಷ್ಟು ಸಾಕು; ಕಳೆದ ಉಪ್ಪನ್ನೆಲ್ಲ ದಾರಿಯಲ್ಲೇ ತುಂಬಲು ಹೋದರೆ ಪೇಯ ಕುಡಿಯಲಾಗದಷ್ಟು ಉಪ್ಪಾಗುತ್ತದೆ. ಸ್ಪರ್ಧೆಯಲ್ಲಿ ನೀರಿನ ಮೇಜುಗಳಲ್ಲಿ ಸಾಮಾನ್ಯವಾಗಿ ಸಾದಾ ನೀರು ಸಿಗುವುದರಿಂದ ಇದೇ ಉಪ್ಪು, ಸಕ್ಕರೆಯನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ ಸೊಂಟಕ್ಕೆ ಕಟ್ಟಿಕೊಂಡು, ಪ್ರತಿ ಗುಟುಕಿನ ಜೊತೆಗೆ ಅಷ್ಟೇ ಸಾದಾ ನೀರು ಕುಡಿಯಬಹುದು. ಇದನ್ನು ಕೆಲವು ಭಾನುವಾರಗಳ ಉದ್ದ ಓಟಗಳಲ್ಲಿ ರೂಢಿಸಿಕೊಂಡ ಮೇಲೆಯೇ ಮಂಗಳೂರಿಗೆ ಒಯ್ಯಿರಿ.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಲೀಟರಿಗೆ ಸುಮಾರು 1.7 ಗ್ರಾಂ ಸೋಡಿಯಂ ಮತ್ತು ಕೇವಲ 13.5 ಗ್ರಾಂ ಗ್ಲುಕೋಸ್ ಇರುತ್ತದೆ. ಭೇದಿಯಿಂದ ಬಳಲುವವರಿಗಾಗಿ ರೂಪಿಸಿದ ಆ ಪುಡಿ ಓಟದ ನಂತರ ತುಂಬ ಉಪಯುಕ್ತ. ಓಡುವಾಗ ಮಾತ್ರ ಅದರ ಉಪ್ಪು ಹೆಚ್ಚು, ಶಕ್ತಿ ಕಡಿಮೆ. ಲೀಟರಿನ ಪೊಟ್ಟಣ ಮತ್ತು 200 ಮಿ.ಲೀ.ಯ ಪೊಟ್ಟಣ ಬೇರೆ ಬೇರೆ ಸಿಗುತ್ತವೆ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಹಾಕಿ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ, ಸೋಡಿಯಂ ಕಡಿಮೆ, ಬೆವರಿನಲ್ಲಿ ಹೋಗುವುದು ಬಹುಪಾಲು ಸೋಡಿಯಂ. ಎಳನೀರು ಕುಡಿಯಿರಿ, ಆದರೆ ಒಂದು ಚಿಟಿಕೆ ಉಪ್ಪು ಹಾಕಿಕೊಂಡು ಅಥವಾ ಉಪ್ಪಿರುವ ತಿಂಡಿಯ ಜೊತೆಗೆ.

ನಿಮ್ಮ ತಲೆನೋವಿನ ಬಗ್ಗೆ ನನ್ನ ಅನುಮಾನವೆಂದರೆ, ಅದರ ಮೂಲ ಓಟದ ನಂತರದ ಎರಡು ಗಂಟೆಗಳಲ್ಲಿದೆ. ಬರೀ ನೀರನ್ನು ಒಮ್ಮೆಲೇ ಎರಡು ಮೂರು ಲೀಟರ್ ಕುಡಿದಾಗ ರಕ್ತ ತೆಳುವಾಗಿ, ಮೂತ್ರಪಿಂಡ ಆ ನೀರನ್ನು ಹೊರಗೆ ಕಳಿಸುತ್ತದೆ. ಮೂತ್ರ ಬೇಗನೆ ನೀರಿನಂತೆ ತಿಳಿಯಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ನೀವು ಮತ್ತೆ ಒಣಗಿರುತ್ತೀರಿ. 1.5 ಕೆ.ಜಿ. ಕಳೆದ ದಿನ ಅದರ ಒಂದೂವರೆ ಪಟ್ಟು, ಅಂದರೆ ಸುಮಾರು 2.2 ಲೀಟರ್ ಅನ್ನು ನಾಲ್ಕೈದು ಗಂಟೆಗಳಲ್ಲಿ ಹಂಚಿಕೊಂಡು, ಉಪ್ಪಿರುವ ಆಹಾರದ ಜೊತೆಗೆ ಕುಡಿಯಿರಿ. ನಮ್ಮ ಮಲೆನಾಡಿನ ಗಂಜಿ ಮತ್ತು ಮಿಡಿ ಉಪ್ಪಿನಕಾಯಿಗಿಂತ ಉತ್ತಮ ತಿಂಡಿ ಇದಕ್ಕೆ ನನಗೆ ಗೊತ್ತಿಲ್ಲ, ಏಕೆಂದರೆ ನೀರು, ಪಿಷ್ಟ, ಉಪ್ಪು ಮೂರೂ ಒಂದೇ ಬಟ್ಟಲಿನಲ್ಲಿವೆ. ಆಮೇಲೆ ಉಪ್ಪು ಹಾಕಿದ ಮಜ್ಜಿಗೆ. ಮರುದಿನ ಬೆಳಗಿನ ತೂಕ 72ರ ಹತ್ತಿರ ಮರಳಿದ್ದರೆ ತುಂಬಿಕೊಂಡದ್ದು ಸರಿಯಾಗಿದೆ. ಹೀಗೆ ಕೆಲವು ವಾರ ಮಾಡಿಯೂ ತಲೆನೋವು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಉಪ್ಪಿನ ಈ ಪ್ರಮಾಣಗಳನ್ನು ವೈದ್ಯರನ್ನು ಕೇಳದೆ ಅನುಸರಿಸಬಾರದು. ತಲೆನೋವಿಗೆಂದು ಓಟದ ಮೊದಲು ಐಬುಪ್ರೊಫೇನ್, ಡೈಕ್ಲೊಫಿನಾಕ್‌ನಂಥ ನೋವಿನ ಮಾತ್ರೆ ನುಂಗಬೇಡಿ, ಬೆವರಿ ಒಣಗಿದ ದೇಹದಲ್ಲಿ ಅವು ಮೂತ್ರಪಿಂಡಕ್ಕೆ ಹೊರೆಯಾಗುತ್ತವೆ ಮತ್ತು ನೀರು ಒಳಗೇ ಉಳಿಯುವಂತೆ ಮಾಡಬಲ್ಲವು.

ಓಟದ ನಡುವೆ ಅಥವಾ ನಂತರ ಜೊತೆಗಾರರೊಬ್ಬರು ವಾಂತಿ ಮಾಡಿ, ತಲೆ ಸಿಡಿಯುತ್ತಿದೆ ಎನ್ನುತ್ತಾ, ಬೆರಳುಗಳು ಊದಿಕೊಂಡು, ಮಾತು ಗೊಂದಲವಾಗಿದ್ದರೆ, ಮತ್ತು ಅವರು ದಾರಿಯುದ್ದಕ್ಕೂ ನೀರು ಕುಡಿಯುತ್ತಲೇ ಬಂದಿದ್ದರೆ, ಅದು ರಕ್ತದ ಸೋಡಿಯಂ ಇಳಿದಿರುವ ಲಕ್ಷಣವಿರಬಹುದು; ಇನ್ನಷ್ಟು ನೀರು ಕುಡಿಸಬೇಡಿ, ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ. ಮೈ ಕೆಂಡದಂತೆ ಸುಡುತ್ತಾ ಗೊಂದಲವಿದ್ದರೆ ಅದು ಬಿಸಿಲ ಆಘಾತ. ವಾಹನ ಬರುವವರೆಗೆ ಕಾಯದೆ ತಣ್ಣೀರು ಸುರಿಯುತ್ತಾ ಗಾಳಿ ಹಾಕಿ ಮೈಯನ್ನು ತಂಪುಗೊಳಿಸಲು ಆರಂಭಿಸಬೇಕು.

ಕೊನೆಯದಾಗಿ, ಇಲ್ಲಿನ ಲೆಕ್ಕವನ್ನೇ ಮಂಗಳೂರಿನಲ್ಲಿ ನಂಬಬೇಡಿ. ಸಾಧ್ಯವಾದರೆ ಸ್ಪರ್ಧೆಗೆ ಹತ್ತರಿಂದ ಹದಿನಾಲ್ಕು ದಿನ ಮೊದಲಿನಿಂದ ಇಲ್ಲಿಯೇ ಸೆಖೆಯ ಹೊತ್ತಿನಲ್ಲಿ ನಿಧಾನವಾಗಿ ಓಡಿ ಒಗ್ಗಿಸಿಕೊಳ್ಳಿ. ಒಗ್ಗಿದ ದೇಹ ಬೇಗ ಮತ್ತು ಹೆಚ್ಚು ಬೆವರುತ್ತದೆ, ಆದರೆ ಆ ಬೆವರಿನಲ್ಲಿ ಉಪ್ಪು ಕಡಿಮೆಯಿರುತ್ತದೆ. ಹಾಗೆ ಒಗ್ಗಿದ ಮೇಲೆ ತೂಕದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಆಗ ಬಂದ ಅಂಕಿಯನ್ನೇ ಸ್ಪರ್ಧೆಗೆ ಬಳಸಿ.