ಒಂದು ಪವನಿನ ಬಳೆಗೆ ಬಿದ್ದ ತಗ್ಗು

“ಕಾಸರಗೋಡಿನಲ್ಲಿ ತೆಗೆದುಕೊಂಡ ಒಂದು ಪವನಿನ ದಪ್ಪ ಚಿನ್ನದ ಬಳೆ ಬಾಗಿಲಿಗೆ ತಾಗಿ ತಗ್ಗಾಗಿದೆ. ಸರಿ ಮಾಡಬಹುದಾ?”

ಒಂದು ಪವನಿಗೆ 8 ಗ್ರಾಂ. ಬಳೆ ಅಷ್ಟು ದಪ್ಪ ಇದ್ದೂ ತೂಕ ಅಷ್ಟೇ ಅಂದ್ರೆ ಬಹುಶಃ ಒಳಗೆ ಟೊಳ್ಳು. ಒತ್ತಿ ಸರಿಮಾಡಲು ಹೋಗಬೇಡಿ, ತಗಡು ಹರಿಯಬಹುದು. ಮೊದಲು ತಗ್ಗಿನ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಇದೆಯಾ ನೋಡಿ. ನನ್ನ ಅಮ್ಮನ ಬಳೆಯಲ್ಲಿ ಅದು ಬೆಳಕಿಗೆ ಹಿಡಿದಾಗಲೇ ಕಂಡದ್ದು.

ಬಿರುಕಿಲ್ಲದಿದ್ದರೆ, ಸಣ್ಣ ತಗ್ಗಾದರೆ ಹಾಗೇ ಹಾಕಿಕೊಳ್ಳುವುದೇ ಒಳ್ಳೆಯದು. ಗಟ್ಟಿ ಬಳೆಯಾದರೆ ಆಚಾರ್ರು ಅಚ್ಚಿನ ಮೇಲಿಟ್ಟು ತಟ್ಟುತ್ತಾರೆ. ಟೊಳ್ಳಿಗೆ ಒಳಗಿಂದ ಆಸರೆ ಇಲ್ಲ, ಹೆಚ್ಚಾಗಿ ಕತ್ತರಿಸಿ ಎತ್ತಬೇಕಾಗುತ್ತದೆ.

ಬಿರುಕಿದ್ದರೆ ಬೆಸುಗೆ ಬೇಕು. ಗಾಳಿ ಹೋಗಲು ತೂತು ಬಿಡುತ್ತಾರಾ ಅಂತ ಕೇಳಿ, ಇಲ್ಲದಿದ್ದರೆ ಕಾದ ಗಾಳಿಗೆ ಬಳೆ ಉಬ್ಬಬಹುದು. ಕೊಡುವ ಮುಂಚೆ ತೂಕ ಬರೆಸಿಕೊಳ್ಳಿ. ಕೂಲಿ ಜಾಸ್ತಿ ಹೇಳಿದರೆ ಬದಲಾಯಿಸಿ ಗಟ್ಟಿಯದನ್ನೇ ತೆಗೆದುಕೊಳ್ಳಿ.